ಹಳದಿ ಎಲ್ಲಿದೆ ನೋಡಿ: ಫೋಟೊದಲ್ಲಿ ಬೆಳ್ಳಿ ಪರೀಕ್ಷಿಸುವುದು ಹೇಗೆ?

ದೀಪಾವಳಿಗೆ ಸ್ವಲ್ಪ ಮುಂಚೆ ಹಾಸನದಲ್ಲಿರುವ ಚಿಕ್ಕಮ್ಮನ ಮಗಳು ವಾಟ್ಸ್ಆ್ಯಪ್‌ನಲ್ಲಿ ಐದು ಫೋಟೊ ಕಳಿಸಿದಳು. ಒಂದು ಚೊಂಬು, ಒಂದು ವಿಕ್ಟೋರಿಯಾ ರಾಣಿಯ ರೂಪಾಯಿ. ಯಾರೋ ಹಳೇ ಮನೆ ಖಾಲಿ ಮಾಡುತ್ತಾ ಎರಡನ್ನೂ ಮಾರಾಟಕ್ಕೆ ಇಟ್ಟಿದ್ದರು.

“ಅಕ್ಕಾ, ಚೊಂಬಿನ ತಳದಲ್ಲಿ 925 ಅಂತ ಒತ್ತಿದ್ದಾರೆ, ಫಳಫಳ ಅಂತಿದೆ. ರೂಪಾಯಿ ಮಾತ್ರ ಹಳದಿ ತಿರುಗಿದೆ, ಗಿಲೀಟು ಇರಬೇಕು. ಚೊಂಬು ಒಂದೇ ತಗೊಳ್ಲಾ?”

ನೋಡಿದರೆ ಯಾರಿಗಾದರೂ ಹಾಗೇ ಅನಿಸಬೇಕು. ಆದರೆ ಕೊನೆಗೆ ಬೆಳ್ಳಿ ಎಂದು ತೇಲಿದ್ದು ರೂಪಾಯಿ. ಚೊಂಬು ಹಿತ್ತಾಳೆ. ಇದನ್ನು ಮುಟ್ಟದೆ ಎಷ್ಟರಮಟ್ಟಿಗೆ ಕಂಡುಕೊಳ್ಳಬಹುದು, ಎಲ್ಲಿ ಫೋಟೊ ಕೈಕೊಡುತ್ತದೆ ಎನ್ನುವುದನ್ನು ಅದೇ ಚೊಂಬು, ಅದೇ ರೂಪಾಯಿ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಬೇರೆ ಫೋಟೊ ಕೇಳಿ

ಮಾರುವವರು ಕಳಿಸಿದ ಮೊದಲ ಫೋಟೊಗಳನ್ನು ನಾನು ನಂಬುವುದೇ ಇಲ್ಲ. ಅವರು ಮೋಸ ಮಾಡುತ್ತಾರೆ ಅಂತಲ್ಲ. ಉಜ್ಜಿದ ಬೆಳ್ಳಿ ಕನ್ನಡಿ ಇದ್ದ ಹಾಗೆ. ಎದುರಿಗೆ ಹಳದಿ ಗೋಡೆ ಇದ್ದರೆ ಹಿತ್ತಾಳೆಯಂತೆ ಕಾಣುತ್ತದೆ, ಟ್ಯೂಬ್‌ಲೈಟ್ ಇದ್ದರೆ ಸ್ಟೀಲಿನಂತೆ. ಮೊಬೈಲ್ ಕೂಡ ಬಣ್ಣವನ್ನು ತನಗೆ ತೋಚಿದಂತೆ ತಿದ್ದುತ್ತದೆ.

ಹಗಲಲ್ಲಿ, ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ, ಬಿಳಿ ಹಾಳೆಯ ಮೇಲೆ ಇಟ್ಟು ತೆಗೆಯಲು ಹೇಳಿ. ಪಕ್ಕದಲ್ಲಿ ಖಚಿತವಾಗಿ ಬೆಳ್ಳಿಯೇ ಆದ ಒಂದು ಕಾಲುಂಗುರವೋ ಗೆಜ್ಜೆಯೋ ಇರಲಿ. ಹಾಳೆ ಬಿಳಿಯಾಗಿ ಕಂಡರೆ ಉಳಿದ ಬಣ್ಣಗಳನ್ನೂ ನಂಬಬಹುದು. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಲಿ. ಇಲ್ಲದಿದ್ದರೆ ಮುದ್ರೆಯ ಅಂಚು ಮಸುಕಾಗುತ್ತದೆ.

ಇನ್ನೊಂದು ಮಾತು. ಒಂದೇ ಜಾಗವನ್ನು ಎರಡು ಸಲ ತೆಗೆಸಿ, ನಡುವೆ ವಸ್ತುವನ್ನು ಸ್ವಲ್ಪ ತಿರುಗಿಸಲಿ. ತಿರುಗಿಸಿದಾಗ ಜಾಗ ಬದಲಿಸುವ ಕಪ್ಪು ಬರೀ ಪ್ರತಿಬಿಂಬ. ಅಲ್ಲೇ ಉಳಿಯುವ ಕಪ್ಪು ನಿಜವಾದ ಕಪ್ಪು.

ಕೈ ಮುಟ್ಟುವ ಜಾಗ, ಮುಟ್ಟದ ಜಾಗ

‘ಕಪ್ಪು ಹಿಡಿದರೆ ಬೆಳ್ಳಿ’ ಎಂಬ ಮಾತನ್ನು ಬಿಟ್ಟುಬಿಡಿ. ಗಿಲೀಟಿನ ಮೇಲಿನ ಪದರವೂ ಬೆಳ್ಳಿಯೇ ಅಲ್ವಾ? ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಅದೂ ಹಾಗೇ ಕಪ್ಪಾಗುತ್ತದೆ. ಕಪ್ಪು ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಬಣ್ಣ ಎಲ್ಲಿ ಕೂತಿದೆ ಎಂದು ನೋಡಿ.

ಬೆಳ್ಳಿ ಮಾಸುವಾಗ ನೇರ ಕಪ್ಪಾಗುವುದಿಲ್ಲ. ಮೊದಲು ಒಣಹುಲ್ಲಿನಂಥ ತಿಳಿ ಹಳದಿ, ಆಮೇಲೆ ಕಂದು, ನೇರಳೆ, ನೀಲಿ, ಕೊನೆಗೆ ಕಪ್ಪು. ಜನ ಮೋಸ ಹೋಗುವುದು ಆ ಮೊದಲ ಹಳದಿಯಲ್ಲಿ. ಫೋಟೊದಲ್ಲಿ ಅದು ಥೇಟ್ ಹಿತ್ತಾಳೆ. ನನ್ನ ತಂಗಿ ರೂಪಾಯಿಯನ್ನು ಗಿಲೀಟು ಅಂದದ್ದೂ ಅದಕ್ಕೇ.

ಮಾಸಿದ ಹಳದಿ ಕೈ ತಾಗದ ಕಡೆ ಇರುತ್ತದೆ: ಅಕ್ಷರಗಳ ಸುತ್ತ, ಹೂಬಳ್ಳಿಯ ಸಂದಿ, ಹಿಡಿಕೆಯ ಕೆಳಗೆ. ಅದಕ್ಕೆ ಗಟ್ಟಿ ಗಡಿ ಇರುವುದಿಲ್ಲ. ನಿಧಾನವಾಗಿ ಕಂದಿಗೆ, ನೇರಳೆಗೆ ಕರಗುತ್ತಾ ಹೋಗುತ್ತದೆ. ಉಬ್ಬಿದ ಜಾಗಗಳು ಬೆಳ್ಳಗೇ ಇರುತ್ತವೆ, ಏಕೆಂದರೆ ಅಲ್ಲಿ ಬೆರಳು, ಬಟ್ಟೆ ತಾಗುತ್ತಲೇ ಇರುತ್ತವೆ.

ಗಿಲೀಟು ಸವೆದ ಹಳದಿ ಇದಕ್ಕೆ ಪೂರಾ ಉಲ್ಟಾ. ಕೈ, ನೆಲ, ಉಜ್ಜುವ ಬಟ್ಟೆ ಎಲ್ಲಿ ತಾಗುತ್ತವೋ ಅಲ್ಲೇ ಅದು ಹೊರಬರುತ್ತದೆ: ತಳದ ಬಳೆ, ಬಾಯಿಯ ಅಂಚು, ಹೆಬ್ಬೆರಳು ಕೂರುವ ಕಂಠ, ಮುಚ್ಚಳದ ಗುಂಡಿ. ಗಡಿ ನಕ್ಷೆಯಲ್ಲಿನ ದ್ವೀಪದಂತೆ ಸ್ಪಷ್ಟ. ಒಳಗೆ ತಾಮ್ರ ಇದ್ದರೆ ಹಳದಿಯ ಬದಲು ಗುಲಾಬಿ ಛಾಯೆ.

ಚೊಂಬಿನ ಹೊಸ ಫೋಟೊಗಳಲ್ಲಿ ಒಡಲು ಚೆನ್ನಾಗಿಯೇ ಇತ್ತು. ಆದರೆ ತಳದ ಬಳೆಯ ಸುತ್ತ ದಾರದಷ್ಟು ತೆಳುವಾದ ಹಳದಿ ಗೆರೆ. ಕಂಠದಲ್ಲಿ ನಾಲ್ಕು ಬೆರಳಗಲ ಹಳದಿ ಮಚ್ಚೆ, ಅಂಚು ಚೂಪು. ಪಾದ ಬೆಸೆದ ಸಂದಿಯಲ್ಲಿ ಹಸಿರು ಕಿಲುಬು ಕೂಡ ಇತ್ತು. ಕಿಲುಬೊಂದನ್ನೇ ಹಿಡಿದು ತೀರ್ಪು ಕೊಡಬಾರದು. 925 ಬೆಳ್ಳಿಯಲ್ಲೂ ಸಾಮಾನ್ಯವಾಗಿ ತಾಮ್ರ ಬೆರೆತಿರುತ್ತದೆ, ಹುಣಸೆಹಣ್ಣು ಹಾಕಿ ಉಜ್ಜಿ ಸರಿಯಾಗಿ ತೊಳೆಯದಿದ್ದರೆ ಅದೂ ಹಸಿರಾಗಬಹುದು. ಗೆರೆ, ಮಚ್ಚೆ ಎರಡೂ ಇದ್ದದ್ದರಿಂದ ನನ್ನ ಅನುಮಾನ ಗಟ್ಟಿಯಾಯಿತು.

ಈ ದಾರಿ ಎರಡು ಕಡೆ ಸೋಲುತ್ತದೆ. ಒಂದು, ಒಳಗಿರುವುದು ಜರ್ಮನ್ ಸಿಲ್ವರ್ ಆದರೆ. ಹೆಸರಲ್ಲಿ ಸಿಲ್ವರ್ ಇದ್ದರೂ ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ, ಬೆಳ್ಳಿ ಇಲ್ಲವೇ ಇಲ್ಲ. ಗಿಲೀಟು ಸವೆದರೂ ಕೆಳಗೆ ಬೂದು ಬಿಳುಪೇ ಇರುವುದರಿಂದ ಫೋಟೊದಲ್ಲಿ ಗಡಿ ಕಾಣುವುದು ಕಷ್ಟ. ಇನ್ನೊಂದು, ಹೊಸದಾಗಿ ಗಿಲೀಟು ಹಾಕಿಸಿದ ಹಳೇ ಪಾತ್ರೆ. ಅಲ್ಲಿ ಸವೆತವೇ ಇಲ್ಲ, ಓದುವುದೇನನ್ನು?

ಮುದ್ರೆ ಏನು ಹೇಳುತ್ತದೆ

925 ಎಂದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ. ಆದರೆ ಬರೀ ಆ ಮೂರು ಅಂಕಿ ಹಾಲ್‌ಮಾರ್ಕ್ ಅಲ್ಲ. ಅಂಥ ಅಚ್ಚು ಯಾರು ಬೇಕಾದರೂ ಮಾಡಿಸಬಹುದು. ಬಿಐಎಸ್ ಹಾಲ್‌ಮಾರ್ಕ್‌ನಲ್ಲಿ ತ್ರಿಕೋನದ ಗುರುತು ಮತ್ತು ಶುದ್ಧತೆಯ ಅಂಕಿ ಇರುತ್ತವೆ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಅಕ್ಷರ, ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ ಸಂಖ್ಯೆ ಬಂದಿದೆ. ಅದನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಸಂಖ್ಯೆ ಸಿಕ್ಕಿತು ಅಂತ ಅಲ್ಲಿಗೇ ಬಿಡಬೇಡಿ. ಯಾವ ವಸ್ತು ಎಂದು ಆ್ಯಪ್ ತೋರಿಸುತ್ತದೆ. ಕೈಯಲ್ಲಿ ಚೊಂಬು, ಆ್ಯಪ್‌ನಲ್ಲಿ ಕಾಲ್ಗೆಜ್ಜೆ ಎಂದಿದ್ದರೆ ಸಂಖ್ಯೆ ಎಲ್ಲಿಂದಲೋ ಕದ್ದದ್ದು.

ಬೆಳ್ಳಿಗೆ ಹಾಲ್‌ಮಾರ್ಕ್ ಆರಂಭವಾದದ್ದು ಕಡ್ಡಾಯವಾಗಿ ಅಲ್ಲ, ಐಚ್ಛಿಕವಾಗಿ. ನಮ್ಮ ಅಜ್ಜಿಯ ಕಾಲದ ಪಂಚಪಾತ್ರೆಯಲ್ಲಂತೂ ಇಂಥ ಯಾವ ಗುರುತೂ ಇರುವುದಿಲ್ಲ. ಹಾಗಾಗಿ ಮುದ್ರೆ ಇಲ್ಲ ಎಂದ ಮಾತ್ರಕ್ಕೆ ನಕಲಿ ಅನ್ನಬೇಡಿ. ‘ಇಪಿಎನ್‌ಎಸ್’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಮಾತ್ರ ವಿಚಾರ ಅಲ್ಲಿಗೆ ಮುಗಿಯಿತು. ಜರ್ಮನ್ ಸಿಲ್ವರ್ ಮೇಲೆ ಬೆಳ್ಳಿ ಗಿಲೀಟು ಎಂದು ತಯಾರಕರೇ ಒಪ್ಪಿಕೊಂಡಂತೆ. ಬ್ರಿಟಿಷರ ಕಾಲದ ಟೀ ಸೆಟ್ಟು, ಚಮಚಗಳಲ್ಲಿ ಇದು ಸಾಮಾನ್ಯ.

ಮುದ್ರೆಯನ್ನು ತೀರಾ ಹತ್ತಿರದಿಂದ, ಓರೆ ಬೆಳಕಲ್ಲಿ ತೆಗೆಸಿ. ಅಚ್ಚು ಹೊಡೆದ ಮುದ್ರೆಯ ಗೋಡೆ ನೇರ, ತಳ ಚಪ್ಪಟೆ. ಎರಕದಲ್ಲಿ ಬಂದ ಮುದ್ರೆ ಸೋಪಿನ ಮೇಲಿನ ಅಕ್ಷರದಂತೆ ದುಂಡಗೆ, ಒಳಗೆ ರವೆಯಂಥ ತರಿ. ಚೊಂಬಿನ 925ರ ಅಂಚುಗಳೂ ದುಂಡಗಿದ್ದವು, ಗುಳಿಯ ಒಳಗೂ ಮೇಲಿನಷ್ಟೇ ಹೊಸ ಹೊಳಪು. ಮೊದಲು ಅಂಕಿ, ಆಮೇಲೆ ಗಿಲೀಟು ಎಂದು ನನಗೆ ಅನಿಸಿತು.

ರೂಪಾಯಿಯ ಕಥೆ ಬೇರೆ

ರೂಪಾಯಿ 1885ರದ್ದು. ಮುಖದ ಎರಡು ಬದಿ ‘ವಿಕ್ಟೋರಿಯಾ ಎಂಪ್ರೆಸ್’ ಎಂದಿತ್ತು. ಅದು ಸರಿ. ‘ಎಂಪ್ರೆಸ್’ ಬಂದದ್ದು 1877ರಿಂದ, ಅದಕ್ಕೂ ಮೊದಲು ‘ಕ್ವೀನ್’. 1885ರ ನಾಣ್ಯದಲ್ಲಿ ‘ಕ್ವೀನ್’ ಇದ್ದಿದ್ದರೆ ಬೇರೇನೂ ನೋಡುವುದೇ ಬೇಕಿರಲಿಲ್ಲ. ಹಾಗೆಯೇ 1818 ಎಂದು ಬರೆದ, ರಾಮ ಸೀತೆ ಇರುವ ‘ಈಸ್ಟ್ ಇಂಡಿಯಾ ಕಂಪನಿ’ ನಾಣ್ಯ ಯಾರಾದರೂ ತೋರಿಸಿದರೆ ನಕ್ಕು ವಾಪಸ್ ಕೊಡಿ. ಕಂಪನಿ ಅಂಥದ್ದನ್ನು ಚಲಾವಣೆಗೆ ತಂದೇ ಇಲ್ಲ.

ಹಳದಿ, ನೇರಳೆ ಎಲ್ಲ ಅಕ್ಷರಗಳ ಸುತ್ತ, ಅಂಚಿನ ಒಳಬದಿಗೆ ಇತ್ತು. ರಾಣಿಯ ಕೆನ್ನೆ, ಕೂದಲಿನ ಉಬ್ಬು ಸವೆದು ಬೆಳ್ಳಗಿದ್ದವು. ಪಕ್ಕದ ಹಲ್ಲುಗಳೂ ಅಷ್ಟೇ. ನಾಣ್ಯದ ಗಿಲೀಟು ಬೇಗ ಬಿಡುವುದೇ ಆ ಹಲ್ಲುಗಳ ತುದಿಯಲ್ಲಿ, ಹಾಗಾಗಿ ಅಂಚಿನ ಫೋಟೊ ಕೇಳುವುದನ್ನು ಮರೆಯಬೇಡಿ.

ಆರನೇ ಜಾರ್ಜ್ ದೊರೆಯ 1940ರಿಂದ 1945ರವರೆಗಿನ ರೂಪಾಯಿಗೆ ಮಾತ್ರ ಈ ಲೆಕ್ಕ ಹಾಕಬೇಡಿ. ಯುದ್ಧದ ಕಾಲದಲ್ಲಿ ಸರ್ಕಾರವೇ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತ್ತು, ಉಳಿದದ್ದರಲ್ಲಿ ಹೆಚ್ಚಿನ ಪಾಲು ತಾಮ್ರ. ಅದು ಸವೆದಾಗ ಉಬ್ಬಿನಲ್ಲೇ ಹಳದಿ ಕಂಡರೂ ನಾಣ್ಯ ಅಸಲಿ ಇರಬಹುದು. 1947ರ ಹುಲಿ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ. ಅದು ನಿಕಲ್, ಅಯಸ್ಕಾಂತಕ್ಕೆ ಅಂಟುತ್ತದೆ.

ಕೊನೆಗೆ ನೀರು

ಫೋಟೊದಿಂದ ಇಷ್ಟೇ. ಆದರೆ ತಕ್ಕಡಿಯ ಫೋಟೊ ಕೇಳಬಹುದಲ್ಲ?

ಚೊಂಬು ಮುಳುಗುವಷ್ಟು ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಬೇಕು. ಚೊಂಬನ್ನು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಬೇಕು. ತಳಕ್ಕೂ ಪಕ್ಕಕ್ಕೂ ತಾಗಬಾರದು, ಒಳಗೆ ಗಾಳಿ ಗುಳ್ಳೆ ಉಳಿಯಬಾರದು. ಆಗ ತಕ್ಕಡಿ ತೋರಿಸುವ ಗ್ರಾಂ ಎಂದರೆ ಚೊಂಬಿನ ಲೋಹ ತಳ್ಳಿದ ನೀರು. ಒಣ ತೂಕವನ್ನು ಅದರಿಂದ ಭಾಗಿಸಿ. 925 ಬೆಳ್ಳಿಗೆ ಸುಮಾರು 10.4 ಬರಬೇಕು. ಹಿತ್ತಾಳೆ, ಜರ್ಮನ್ ಸಿಲ್ವರ್‌ಗೆ 8.4ರಿಂದ 8.8ರ ಆಸುಪಾಸು. ತೆಳು ಗಿಲೀಟು ಈ ಲೆಕ್ಕವನ್ನು ಕದಲಿಸಲಾರದು.

ತಂಗಿ ಮಾರುವವರ ಮನೆಗೇ ಹೋಗಿ ತೂಗಿದಳು. ಒಣ ತೂಕ 412 ಗ್ರಾಂ, ನೀರಲ್ಲಿ 48. ಭಾಗಿಸಿದರೆ 8.6. ಬೆಳ್ಳಿಯಾಗಿದ್ದರೆ ತಕ್ಕಡಿ 40ರ ಹತ್ತಿರ ನಿಲ್ಲಬೇಕಿತ್ತು. ರೂಪಾಯಿಗೆ ಅಡುಗೆಮನೆ ತಕ್ಕಡಿ ಸಾಲದು, ಗ್ರಾಮಿನ ನೂರರಲ್ಲೊಂದು ಭಾಗ ತೋರಿಸುವ ಪುಟ್ಟ ತಕ್ಕಡಿ ಬೇಕು. ಹೊಸದರಲ್ಲಿ ಈ ರೂಪಾಯಿಯ ತೂಕ 11.66 ಗ್ರಾಂ, ಸರಿಯಾಗಿ ಒಂದು ತೊಲ. ಇದು ಸವೆದು 11.52 ಇತ್ತು, ನೀರಲ್ಲಿ 1.12. ಭಾಗಿಸಿದರೆ 10.3. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ ಇರುವ ಆ ರೂಪಾಯಿಗೆ ಬರಬೇಕಾದದ್ದೂ ಅಷ್ಟೇ.

ಅರಗು ತುಂಬಿದ ದೀಪದ ಕಂಬ, ಒಳಗೆ ಗಾಳಿ ಉಳಿದ ಮಡಿಸಿದ ಅಂಚು ಇದ್ದರೆ ಅಸಲಿ ಬೆಳ್ಳಿಯೂ ಕಡಿಮೆ ತೋರಿಸುತ್ತದೆ. ಅಂಥದ್ದನ್ನು ಅಕ್ಕಸಾಲಿ ಹತ್ತಿರವೇ ಒಯ್ಯಿರಿ. ಅಲ್ಲೂ ಸುಮ್ನೆ ಮೇಲೆ ಒರೆಗಲ್ಲಿಗೆ ತಿಕ್ಕಿಸಿದರೆ ಗಿಲೀಟಿನ ಬೆಳ್ಳಿಯೇ ಸಿಗುತ್ತದೆ. ಅಂಗಡಿಯ ಎಕ್ಸ್‌ರೇ ಯಂತ್ರವೂ ಮೇಲ್ಪದರವನ್ನಷ್ಟೇ ಓದುತ್ತದೆ. ಕಾಣದ ಜಾಗದಲ್ಲಿ ಅರದಿಂದ ಒಂದು ಸಣ್ಣ ಗೀರು ಹಾಕಿಸಿ, ಆ ಗೀರಿನ ಒಳಗೆ ನೋಡಲು ಹೇಳಿ.

ತಂಗಿ ರೂಪಾಯಿ ಕೊಂಡಳು. ಉಜ್ಜಬೇಡ, ಹಾಗೇ ಇರಲಿ ಅಂದಿದ್ದೇನೆ, ಕೇಳುತ್ತಾಳೋ ಇಲ್ಲವೋ. ಚೊಂಬಿನ ಜಾಹೀರಾತು ಮಾರನೇ ದಿನವೂ ಇತ್ತು. 925 ತೆಗೆದು ‘ಬೆಳ್ಳಿ ಬಣ್ಣದ ಚೊಂಬು’ ಎಂದು ಬರೆದಿದ್ದರು.