ಕರೆಂಟ್ ಹೋದ ಸಂಜೆ ಮೊಮ್ಮಗಳಿಗೆ ಬಲ್ಬ್ ಬದಲಿಸಲು ಕಲಿಸಿದ್ದು

ನಿವೃತ್ತನಾಗುವವರೆಗೂ ಲೈನ್‌ಮ್ಯಾನ್ ಆಗಿದ್ದ ನನಗೆ ಬಲ್ಬ್ ಬದಲಿಸುವುದು ಕೆಲಸವೆಂದೇ ಅನ್ನಿಸುತ್ತಿರಲಿಲ್ಲ. ಅದನ್ನು 13 ವರ್ಷದ ಮೊಮ್ಮಗಳಿಗೆ ಹೇಳಿಕೊಡಲು ಕುಳಿತಾಗಲೇ, ಕಂಬದ ಮೇಲೆ ನಾವು ಪಾಲಿಸುತ್ತಿದ್ದ ಕ್ರಮವೆಲ್ಲ ಒಂದು ಪ್ಯಾಸೇಜಿನ ದೀಪಕ್ಕೂ ಬೇಕಾಗುತ್ತದೆ ಎಂಬುದು ಸ್ಪಷ್ಟವಾಯಿತು. ಪ್ಯಾಸೇಜಿನ ಬಲ್ಬ್ ಹಿಂದಿನ ದಿನದಿಂದ ಉರಿಯುತ್ತಿರಲಿಲ್ಲ. ಮರುದಿನ ಸಂಜೆ ಕರೆಂಟ್ ಹೋದ ಕೂಡಲೇ ಅವಳು ಹೊಸ ಬಲ್ಬನ್ನೂ ಸ್ಟೂಲನ್ನೂ ತಂದು, "ತಾತ, ಈಗ ಕರೆಂಟೇ ಇಲ್ಲವಲ್ಲ, ಬದಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಬೇಕೇ?" ಎಂದಳು. ಹಿರಿಯರೂ ಹೀಗೆಯೇ ಯೋಚಿಸುತ್ತಾರೆ, ಆದ್ದರಿಂದ ಅವಳನ್ನು ಗದರಿಸದೆ ಒಂದೇ ಪ್ರಶ್ನೆ ಕೇಳಿದೆ: "ಕರೆಂಟನ್ನು ತೆಗೆದವರು ಯಾರು ಪುಟ್ಟಿ, ನೀನೋ ಬೇರೆ ಯಾರೋ?"

ಲೈನಿನ ಮೇಲೆ ಕೆಲಸ ಮಾಡುವವನಿಗೆ ಇದೇ ಮೊದಲ ಪ್ರಶ್ನೆ. ಲೈನ್ ತಾನಾಗಿ ಟ್ರಿಪ್ ಆಗಿದ್ದರೆ ಅದರಲ್ಲಿ ಕರೆಂಟ್ ಇಲ್ಲವೆಂಬ ನಂಬಿಕೆಯ ಮೇಲೆ ನಾವು ಕಂಬ ಹತ್ತುತ್ತಿರಲಿಲ್ಲ. ಮೊದಲು ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದಿದೆ, ಕೆಲಸ ಮಾಡಬಹುದು ಎಂಬ ಅನುಮತಿ ಪಡೆಯಬೇಕು, ಸ್ವಿಚ್ ತೆರೆದಿರುವುದನ್ನು ಕಣ್ಣಾರೆ ನೋಡಬೇಕು, ಮತ್ತೆ ಯಾರೂ ಹಾಕದಂತೆ ಬೀಗ ಹಾಕಬೇಕು, ಆಮೇಲೆ ಕೆಲಸದ ಜಾಗದಲ್ಲಿ ಲೈನನ್ನು ನೆಲಕ್ಕೆ ಜೋಡಿಸಿ ಅರ್ತ್ ಮಾಡಬೇಕು. ತಾನಾಗಿ ಹೋದ ಕರೆಂಟ್ ತಾನಾಗಿಯೇ ಬರುತ್ತದೆ, ಬರುವ ಮುನ್ನ ಯಾರಿಗೂ ಹೇಳುವುದಿಲ್ಲ. ಸ್ಟೂಲಿನ ಮೇಲೆ ನಿಂತು ಹೋಲ್ಡರಿನ ಹತ್ತಿರ ಬೆರಳಿಟ್ಟಿರುವಾಗ 230 ವೋಲ್ಟ್ ಮರಳಿ ಬಂದರೆ ಏನಾಗಬಹುದೆಂದು ಅವಳಿಗೆ ವಿವರಿಸಬೇಕಾಗಲಿಲ್ಲ. ಆದರೆ ಶಾಕ್ ಸಣ್ಣದಾದರೂ ಬೆಚ್ಚಿ ಕೆಳಗೆ ಬೀಳುವುದರಿಂದಲೇ ಹೆಚ್ಚು ಪೆಟ್ಟಾಗಬಹುದು ಎಂಬುದನ್ನು ಬೇರೆಯಾಗಿ ಹೇಳಿದೆ, ಏಕೆಂದರೆ ಅದು ಯಾರಿಗೂ ತಟ್ಟನೆ ಹೊಳೆಯುವುದಿಲ್ಲ.

"ಹಾಗಾದರೆ ಸ್ವಿಚ್ ಆಫ್ ಮಾಡುತ್ತೇನೆ" ಎಂದು ಅವಳು ಹೊರಟಳು. ತೊಡಕು ಇದ್ದದ್ದು ಅಲ್ಲಿಯೇ. ಪ್ಯಾಸೇಜಿನ ದೀಪಕ್ಕೆ ಎರಡೂ ತುದಿಗಳಲ್ಲಿ ಒಂದೊಂದು ಟೂ-ವೇ ಸ್ವಿಚ್ ಇದೆ. ಒಂದು ಸ್ವಿಚ್ ಮೇಲಕ್ಕಿದ್ದರೂ ಕೆಳಕ್ಕಿದ್ದರೂ ಅದರಿಂದ ಏನೂ ತಿಳಿಯುವುದಿಲ್ಲ. ಮತ್ತೊಂದು ಸ್ವಿಚ್ ಯಾವ ಕಡೆಗಿದೆ ಎಂಬುದರ ಮೇಲೆ ದೀಪ ಉರಿಯುತ್ತದೆಯೋ ಆರುತ್ತದೆಯೋ ನಿರ್ಧಾರವಾಗುತ್ತದೆ. ಸಾಮಾನ್ಯ ದಿನಗಳಲ್ಲಿ ಉರಿಯುವ ಬಲ್ಬೇ ಅದಕ್ಕೆ ಸಾಕ್ಷಿ. ಇಲ್ಲಿ ಬಲ್ಬೂ ಹೋಗಿತ್ತು, ಕರೆಂಟೂ ಹೋಗಿತ್ತು. ಅವಳು ಎರಡೂ ತುದಿಗೆ ಹೋಗಿ ನೋಡಿ ಬಂದು, "ಎರಡೂ ಕೆಳಗಿವೆ ತಾತ, ಆದರೆ ಆಫ್ ಇದೆಯೋ ಆನ್ ಇದೆಯೋ ಗೊತ್ತಾಗುತ್ತಿಲ್ಲ" ಎಂದಳು. ಆ ಉತ್ತರ ಕೇಳಿ ನನಗೆ ನೆಮ್ಮದಿಯಾಯಿತು, ಗೊತ್ತಾಗದ್ದನ್ನು ಗೊತ್ತಾಗಲಿಲ್ಲವೆಂದು ಹೇಳಬಲ್ಲವರಿಗೆ ಈ ಕೆಲಸ ಕಲಿಸಬಹುದು.

ಮುಂದೆ ಅವಳು ಟೆಸ್ಟರ್ ತಂದಳು. ಟೆಸ್ಟರ್ ಉರಿಯದಿದ್ದರೆ ಕರೆಂಟ್ ಇಲ್ಲವೆಂದು ಅರ್ಥವಲ್ಲವೇ ಎಂಬುದು ಅವಳ ವಾದ. ಟೆಸ್ಟರಿನೊಳಗೆ ಒಂದು ಪುಟ್ಟ ನಿಯಾನ್ ದೀಪವೂ ಒಂದು ದೊಡ್ಡ ರೆಸಿಸ್ಟರೂ ಇರುತ್ತವೆ. ಹಿಂದಿನ ಲೋಹದ ಭಾಗಕ್ಕೆ ಬೆರಳು ತಾಗಿಸಿದಾಗ ಮೈಗೆ ಅರಿವಾಗದಷ್ಟು ಸಣ್ಣ ಕರೆಂಟ್ ಅದರ ಮೂಲಕ ಹರಿದು ದೀಪ ಮಿನುಗುತ್ತದೆ. ಅದು ಉರಿಯದಿರಲು ಕಾರಣಗಳು ಹಲವು: ದೀಪ ಕೆಟ್ಟಿರಬಹುದು, ಬೆರಳು ಸರಿಯಾಗಿ ತಾಗದಿರಬಹುದು, ನಾವು ನಿಂತಿರುವ ಜಾಗ ನೆಲದಿಂದ ತುಂಬ ಬೇರ್ಪಟ್ಟಿರಬಹುದು. ಆದ್ದರಿಂದಲೇ ಕರೆಂಟ್ ಖಂಡಿತ ಇರುವ ಕಡೆ ಮೊದಲು ಟೆಸ್ಟರನ್ನು ಪರೀಕ್ಷಿಸಿ, ನಂತರ ಕೆಲಸದ ಜಾಗದಲ್ಲಿ ಹಿಡಿದು, ಕೊನೆಗೆ ಮತ್ತೆ ಕರೆಂಟ್ ಇರುವ ಕಡೆ ಹಿಡಿದು ನೋಡುವುದು ನಮ್ಮಲ್ಲಿ ರೂಢಿ. ಕರೆಂಟ್ ಹೋಗಿರುವಾಗ ಈ ಕ್ರಮಕ್ಕೆ ಅರ್ಥವೇ ಉಳಿಯುವುದಿಲ್ಲ. ಟೆಸ್ಟರ್ ಎಲ್ಲ ಕಡೆಯೂ ಸುಮ್ಮನಿರುತ್ತದೆ. ನಾವು ತಂತಿಯನ್ನು ಬೇರ್ಪಡಿಸಿದ್ದೇವೆಯೇ ಇಲ್ಲವೇ ಎಂಬುದನ್ನು ಅದು ಹೇಳಲಾರದು.

ಹೀಗಾಗಿ ಉಳಿದದ್ದು ಮೇನ್ ಸ್ವಿಚ್. ನಮ್ಮ ಮನೆಯಲ್ಲಿರುವುದು ಡಬಲ್ ಪೋಲ್ ಮೇನ್. ಅದನ್ನು ಕೆಳಗಿಳಿಸಿದರೆ ಕರೆಂಟ್ ತರುವ ಫೇಸ್ ತಂತಿ ಮತ್ತು ಅದನ್ನು ಮರಳಿ ಒಯ್ಯುವ ನ್ಯೂಟ್ರಲ್ ತಂತಿ ಎರಡೂ ಕಡಿದುಹೋಗುತ್ತವೆ. ದೀಪದ ಸರ್ಕ್ಯೂಟಿಗೆ ಪ್ರತ್ಯೇಕ ಎಂಸಿಬಿ ಎಂಬ ಪುಟ್ಟ ರಕ್ಷಣಾ ಸ್ವಿಚ್ ಇದ್ದರೂ ಅದನ್ನು ನಂಬಿ ಕುಳಿತುಕೊಳ್ಳಲಿಲ್ಲ, ಏಕೆಂದರೆ ಅದು ಸಾಮಾನ್ಯವಾಗಿ ಒಂದೇ ತಂತಿಯನ್ನು ಕಡಿಯುತ್ತದೆ. ಆ ತಂತಿ ಫೇಸೇ ಎಂದು ವೈರಿಂಗ್ ಮಾಡಿದವರ ಮೇಲೆ ಭರವಸೆ ಇಟ್ಟು ಹೇಳಬೇಕಷ್ಟೆ. ಮೇನನ್ನು ಅವಳ ಕೈಯಿಂದಲೇ ಇಳಿಸಿಸಿದೆ.

ಇಷ್ಟಾದರೂ ಹಾಲಿನಲ್ಲಿ ಫ್ಯಾನ್ ತಿರುಗುತ್ತಲೇ ಇತ್ತು. ಅವಳು ಬೆರಗಾಗಿ ನೋಡಿದಳು. ಇನ್ವರ್ಟರ್ ಇದೆಯೆಂಬುದು ಅವಳಿಗೆ ಗೊತ್ತಿದ್ದರೂ ಮೇನ್ ಇಳಿಸಿದ ಮನೆಯೊಳಗೆ ಕರೆಂಟ್ ಓಡಾಡಬಹುದೆಂದು ಅವಳು ಎಣಿಸಿರಲಿಲ್ಲ. ಪ್ಯಾಸೇಜಿನ ದೀಪ ಇನ್ವರ್ಟರ್ ಸಾಲಿಗೆ ಸೇರಿಲ್ಲವೆಂದೇ ನನ್ನ ನೆನಪಾದರೂ, ನೆನಪಿನ ಆಧಾರದ ಮೇಲೆ ಮಗುವನ್ನು ಸ್ಟೂಲ್ ಹತ್ತಿಸಲಾಗದು. ಇನ್ವರ್ಟರನ್ನು ಆರಿಸುವ ಮೊದಲು ಅದರಿಂದ ಒಂದು ಉಪಯೋಗ ಪಡೆದೆ: ಅದರ ಸಾಲಿನ ಒಂದು ಪ್ಲಗ್ಗಿನಲ್ಲಿ ಟೆಸ್ಟರ್ ಹಿಡಿದು ತೋರಿಸಿದೆ, ಅದು ಚೆನ್ನಾಗಿ ಉರಿಯಿತು. ಟೆಸ್ಟರ್ ಸರಿಯಾಗಿದೆ ಎಂಬುದಾದರೂ ಖಚಿತವಾಯಿತು. ಆಮೇಲೆ ಇನ್ವರ್ಟರಿನ ಮುಂಭಾಗದ ಗುಂಡಿ ಒತ್ತಿ ಆರಿಸಿದೆವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅನೇಕ ಮನೆಗಳ ಇನ್ವರ್ಟರುಗಳಲ್ಲಿ ಆ ಗುಂಡಿ ಬ್ಯಾಟರಿಯ ಕಡೆಯಿಂದ ಬರುವ ಕರೆಂಟನ್ನು ಮಾತ್ರ ನಿಲ್ಲಿಸುತ್ತದೆ. ಹೊರಗಿನ ಕರೆಂಟ್ ಬಂದರೆ ಅದು ಇನ್ವರ್ಟರಿನ ಮೂಲಕ ನೇರವಾಗಿ ಹಾದು ಹೋಗುತ್ತದೆ. ಮೇನ್ ಇಳಿಸುವುದು ಮತ್ತು ಇನ್ವರ್ಟರ್ ಆರಿಸುವುದು, ಎರಡೂ ಬೇಕು.

ಮನೆ ಪೂರ್ತಿ ಕತ್ತಲಾಯಿತು. ಟಾರ್ಚನ್ನು ಮೊದಲೇ ಕೈಗೆ ತೆಗೆದುಕೊಂಡಿದ್ದೆವು. ಮೇಣದಬತ್ತಿ ಹಿಡಿದು ಸ್ಟೂಲ್ ಹತ್ತುವವರನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಇರುವುದು ಎರಡೇ ಕೈ, ಎರಡೂ ಬಲ್ಬಿಗೆ ಬೇಕು. ನಾನು ಒಂದು ಕೈಯಲ್ಲಿ ಟಾರ್ಚ್ ಹಿಡಿದು, ಇನ್ನೊಂದರಲ್ಲಿ ಸ್ಟೂಲನ್ನು ಒತ್ತಿ ನಿಂತೆ.

ಅದಕ್ಕೂ ಮೊದಲು ಇನ್ನೊಂದು ಕೆಲಸವಿತ್ತು. ಕರೆಂಟ್ ಬಂದು ಪಕ್ಕದ ಮನೆಯಲ್ಲಿ ದೀಪ ಹೊತ್ತಿದರೆ, ನಮ್ಮ ಮನೆಯಲ್ಲಿ ಏಕೆ ಬಂದಿಲ್ಲವೆಂದು ಯಾರಾದರೂ ಹೋಗಿ ಮೇನ್ ಎತ್ತಿಬಿಡುವುದು ಬಹಳ ಸಹಜ. ಹಳೆಯ ಕಾಲದ ಫ್ಯೂಸ್ ಇದ್ದಾಗ ಅದರ ಹಿಡಿಯನ್ನು ಕಿತ್ತು ಜೇಬಿನಲ್ಲಿ ಹಾಕಿಕೊಂಡರೆ ಮುಗಿಯುತ್ತಿತ್ತು. ಈಗಿನ ಮೇನಿಗೆ ಅದು ಸಾಧ್ಯವಿಲ್ಲದ್ದರಿಂದ ಅದರ ಹಿಡಿಯ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ, "ಕೆಲಸ ನಡೆಯುತ್ತಿದೆ, ಮುಟ್ಟಬೇಡಿ" ಎಂದು ಚೀಟಿ ಅಂಟಿಸಿದೆವು. ಅಡುಗೆಮನೆಯಲ್ಲಿದ್ದ ಅವಳ ಅಮ್ಮನಿಗೂ ಅವಳೇ ಹೋಗಿ ಹೇಳಿ ಬಂದಳು.

ಮೇಲೆ ಹತ್ತಿದ ಮೇಲೆ ಬಲ್ಬನ್ನು ಬುಡದ ಪ್ಲಾಸ್ಟಿಕ್ ಭಾಗದಲ್ಲಿ ಹಿಡಿದು, ಮೇಲಕ್ಕೆ ಒತ್ತಿ, ಎಡಕ್ಕೆ ತಿರುಗಿಸಿ, ಸಡಿಲಿಸಿ ಕೆಳಗೆ ಎಳೆಯುವಂತೆ ಹೇಳಿದೆ. ಒತ್ತದೆ ತಿರುಗಿಸಿದರೆ ಲೋಹದ ಟೋಪಿ ಹೋಲ್ಡರಿನಲ್ಲೇ ಉಳಿದು ಬಲ್ಬಿನ ಮೈ ಮಾತ್ರ ಕೈಗೆ ಬರುವುದುಂಟು. ಬಲ್ಬ್ ಸಲೀಸಾಗಿ ಬಂತು. ಟಾರ್ಚನ್ನು ಹೋಲ್ಡರಿನೊಳಕ್ಕೆ ಹಿಡಿದಾಗ ಎರಡು ಹಿತ್ತಾಳೆಯ ಪಿನ್‌ಗಳು ಕಂಡವು. ಒಂದು ಹೊಳೆಯುತ್ತಾ ಹೊರಚಾಚಿಕೊಂಡಿತ್ತು. ಇನ್ನೊಂದು ಕಪ್ಪಾಗಿ ಒಳಕ್ಕೆ ಕುಸಿದಿತ್ತು. ಕೆಳಗೆ ಕೊಟ್ಟ ಬಲ್ಬಿನ ತಳದಲ್ಲೂ ಎರಡು ಬೆಸುಗೆಯ ಚುಕ್ಕೆಗಳಲ್ಲಿ ಒಂದು ಕರಕಲಾಗಿ, ನಡುವೆ ಸಣ್ಣ ಗುಳಿ ಬಿದ್ದಿತ್ತು. ಸ್ಪ್ರಿಂಗ್ ಸೋತ ಪಿನ್ ಬಲ್ಬಿಗೆ ಗಟ್ಟಿಯಾಗಿ ತಾಗದೆ ನಡುವೆ ಕಿಡಿ ಹಾರಿ ಹಾರಿ ಹೀಗೆ ಸುಡುತ್ತದೆ. ಅಂದರೆ ಬಲ್ಬ್ ಕೆಟ್ಟಿರಲೇಬೇಕೆಂದೇನೂ ಇರಲಿಲ್ಲ. ಹೊಸದನ್ನು ಹಾಕಿದರೂ ಅದೂ ಉರಿಯದೆ ಹೋಗಬಹುದಿತ್ತು.

ಅವಳು ಆ ಪಿನ್ನನ್ನು ಒತ್ತಿ ನೋಡಲು ಬೆರಳು ಚಾಚಿದಳು. ನಾನು ತಡೆದೆ. ಎಲ್ಲವನ್ನೂ ಆರಿಸಿದ್ದೇವೆಂಬುದು ನಿಜ, ಆದರೂ ಹೋಲ್ಡರಿನೊಳಕ್ಕೆ ಬೆರಳು ಹಾಕುವುದು ಅಭ್ಯಾಸವಾಗಬಾರದು. ನಾನಿಲ್ಲದ ಇನ್ನೊಂದು ದಿನವೂ ಅದೇ ಬೆರಳು ಅಲ್ಲಿಗೇ ಹೋಗುತ್ತದೆ. ಒಣಗಿದ ಪ್ಲಾಸ್ಟಿಕ್ ಪೆನ್ನಿನ ತುದಿಯಿಂದ ಒತ್ತಿದಾಗ ಆ ಪಿನ್ ಮೇಲೆದ್ದು ಬರಲಿಲ್ಲ. ಇನ್ನೂ ಎರಡು ಸಲ ತಟ್ಟಿದ ಮೇಲೆ ಅರ್ಧ ಎದ್ದಿತು. ತಾತ್ಕಾಲಿಕವಾಗಿ ಇದು ಸಾಕು, ಹೋಲ್ಡರನ್ನೇ ಬದಲಿಸಬೇಕು ಎಂದು ನಿರ್ಧರಿಸಿ ಹೊಸ ಎಲ್‌ಇಡಿ ಬಲ್ಬನ್ನು ಕೊಟ್ಟೆ. ಬದಿಯ ಎರಡು ಮೊಳೆಗಳನ್ನು ಹೋಲ್ಡರಿನ ಸೀಳಿಗೆ ಕೂಡಿಸಿ, ಒತ್ತಿ, ಬಲಕ್ಕೆ ತಿರುಗಿಸಿ ಬಿಟ್ಟಾಗ ಬಲ್ಬ್ ಸ್ವಲ್ಪ ಕೆಳಕ್ಕೆ ಜಾರಿ ಕುಳಿತಂತೆ ಕೈಗೆ ಅನ್ನಿಸಬೇಕು. ಹಾಗೆ ಅನ್ನಿಸಿತೆಂದು ಹೇಳಿ ಅವಳು ಇಳಿದಳು. ಚೀಟಿ, ಟೇಪ್ ತೆಗೆದು ಮೇನ್ ಎತ್ತಿ, ಇನ್ವರ್ಟರ್ ಹಾಕಿದೆವು.

ಪ್ಯಾಸೇಜಿನ ದೀಪ ಉರಿಯಲಿಲ್ಲ; ಒಂದೊಂದು ಸ್ವಿಚ್ ಒತ್ತಿದರೂ ಉರಿಯಲಿಲ್ಲ. ಇನ್ವರ್ಟರ್ ಸಾಲಿಗೆ ಅದು ಸೇರಿಲ್ಲವೆಂಬ ನನ್ನ ನೆನಪು ಸರಿಯಿತ್ತು. ಸುಮಾರು ಅರ್ಧ ಗಂಟೆಯ ಬಳಿಕ ಕರೆಂಟ್ ಬಂದಾಗ ದೀಪ ಹೊತ್ತಿತು, ಎರಡೂ ತುದಿಯ ಸ್ವಿಚ್‌ಗಳಿಂದ ಆರಿತು, ಹೊತ್ತಿತು. ಮಲಗುವ ಮುನ್ನ ದೀಪ ಆರಿಸಿದ ಮೇಲೆ ಅವಳು ನನ್ನನ್ನು ಕರೆದು ತೋರಿಸಿದಳು: ಬಲ್ಬಿನಲ್ಲಿ ಬೂದು ಬಣ್ಣದ ಮಸುಕಾದ ಬೆಳಕು ಉಳಿದಿತ್ತು. ಎಲ್‌ಇಡಿಗೆ ಅತ್ಯಲ್ಪ ಕರೆಂಟೂ ಸಾಕು. ಟೂ-ವೇ ಸ್ವಿಚ್‌ಗಳ ನಡುವೆ ಜೊತೆಜೊತೆಯಾಗಿ ಓಡುವ ತಂತಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುವ ಅಲ್ಪ ಕರೆಂಟಿನಿಂದಲೂ ಹೀಗಾಗುತ್ತದೆ, ಸ್ವಿಚ್ ಫೇಸಿನ ಬದಲು ನ್ಯೂಟ್ರಲನ್ನು ಕಡಿಯುತ್ತಿದ್ದರೂ ಹೀಗಾಗುತ್ತದೆ. ನೋಡುವುದರಿಂದ ಮಾತ್ರ ಇವೆರಡರಲ್ಲಿ ಯಾವುದೆಂದು ಹೇಳಲಾಗದು.

ಮರುದಿನ ಬೆಳಿಗ್ಗೆ ಕರೆಂಟ್ ಇರುವಾಗ ದೀಪ ಆರಿಸಿ, ಬಲ್ಬ್ ಕಳಚಿ ಹೋಲ್ಡರನ್ನು ಪರೀಕ್ಷಿಸಿದೆ. ಈ ಭಾಗವನ್ನು ಅವಳಿಗೆ ಬಿಡಲಿಲ್ಲ, ದೂರದಿಂದ ನೋಡಲು ಹೇಳಿದೆ. ಕಪ್ಪಾದ ಪಿನ್ನಿನ ಮೇಲೆ ಟೆಸ್ಟರ್ ಪ್ರಖರವಾಗಿ ಉರಿಯಿತು. ಸ್ವಿಚ್‌ಗಳನ್ನು ಹೇಗೆ ತಿರುಗಿಸಿದರೂ ಉರಿಯುತ್ತಲೇ ಇತ್ತು. ಫೇಸ್ ನೇರವಾಗಿ ಹೋಲ್ಡರಿಗೆ ಹೋಗಿತ್ತು, ಸ್ವಿಚ್‌ಗಳು ಕಡಿಯುತ್ತಿದ್ದದ್ದು ನ್ಯೂಟ್ರಲನ್ನು. ಹಿಂದಿನ ಸಂಜೆ ಯಾವ ಸ್ವಿಚ್ಚನ್ನು ಆಫ್ ಮಾಡಿದ್ದರೂ, ಅವಳು ಬೆರಳು ಚಾಚಿದ ಪಿನ್ನಿನಲ್ಲಿ ಕರೆಂಟ್ ಬಂದ ಕ್ಷಣವೇ 230 ವೋಲ್ಟ್ ಇರುತ್ತಿತ್ತು. ಮೇನ್ ಇಳಿಸಿ, ಸ್ವಿಚ್‌ಬೋರ್ಡಿನ ಹಿಂದೆ ಫೇಸ್ ಮತ್ತು ನ್ಯೂಟ್ರಲ್ ತಂತಿಗಳನ್ನು ಅದಲುಬದಲು ಮಾಡಿ, ಹೋಲ್ಡರನ್ನೂ ಹೊಸದು ಹಾಕಿದೆ. ಮತ್ತೆ ಟೆಸ್ಟರ್ ಹಿಡಿದಾಗ, ದೀಪ ಆರಿಸಿದ ಸ್ಥಿತಿಯಲ್ಲಿ ಎರಡು ಪಿನ್‌ಗಳಲ್ಲಿ ಒಂದರ ಮೇಲೂ ಅದು ಉರಿಯಲಿಲ್ಲ.