ಒಂಬೈನೂರು ಲೀಟರ್ ಹಾಲು ಚೆಲ್ಲಿದ ದಿನ

ನಮ್ಮದು ಸಣ್ಣ ಮೊಸರು ಘಟಕ. ದಿನಕ್ಕೆ ಹೆಚ್ಚುಕಡಿಮೆ ಒಂಬೈನೂರು ಲೀಟರ್ ಹಾಲು, ರೈತರಿಂದ ನೇರವಾಗಿ. ತಾವು ಮಾಡಿದ ತಪ್ಪನ್ನು ತಾವೇ ಬಂದು ಹೇಳಿದವರಿಗೆ ಸಂಬಳ ಕಡಿತ ಇಲ್ಲ ಅಂತ ನಾನು ತೀರ್ಮಾನ ಮಾಡಿದಾಗ ನಮ್ಮ ಭಾವ ನಕ್ಕುಬಿಟ್ಟರು. "ಹಾಗಾದ್ರೆ ದಿನಾ ಒಬ್ಬೊಬ್ಬ ಬಂದು ಹೇಳ್ತಾನೆ, ನೀನು ದಿನಾ ಕೈ ಮುಗಿ" ಅಂದರು. ಅವರೂ ಪಾಲುದಾರರು, ಹೇಳುವ ಹಕ್ಕಿದೆ.

ಮೊದಲು ಐನೂರು ರೂಪಾಯಿ ದಂಡ ಇತ್ತು. ಆ ದಂಡ ನನಗೆ ಎಷ್ಟು ತುಟ್ಟಿಯಾಯಿತು ಅಂದರೆ, ಹೋದ ವರ್ಷ ಮೂರು ದಿನ ಮೊಸರೇ ಹೆಪ್ಪುಗಟ್ಟಲಿಲ್ಲ. 43 ಡಿಗ್ರಿಯಲ್ಲಿ ಐದು ಗಂಟೆಗೆ ಆಗಬೇಕಾದ್ದು ಎಂಟು ಗಂಟೆಯಾದರೂ ನೀರುನೀರು. ಹೆಪ್ಪು ಬದಲಾಯಿಸಿದೆ, ಪಾಶ್ಚರೈಸರ್ ಬಿಚ್ಚಿ ತೊಳೆಸಿದೆ, ಥರ್ಮಾಮೀಟರ್ ಹೊಸದು ತಂದೆ. ಕೊನೆಗೆ ಗೊತ್ತಾಗಿದ್ದು, ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಟ್ಯೂಬ್ ಹಾಕಿಸಿಕೊಂಡ ಹಸುವಿನ ಹಾಲು ದಿನಾ ಸೇರುತ್ತಿತ್ತು. ಆ ಔಷಧಿ ಹಾಲಿಗಿಳಿದು ಹೆಪ್ಪನ್ನೇ ಬೆಳೆಯಲು ಬಿಡುವುದಿಲ್ಲ. ಗೊತ್ತಿದ್ದವನು ದಂಡಕ್ಕೆ ಹೆದರಿ ಬಾಯಿ ಬಿಟ್ಟಿರಲಿಲ್ಲ. ಒಂದು ಲಕ್ಷಕ್ಕೂ ಜಾಸ್ತಿ ಹೋಯಿತು. ಎರಡು ಅಂಗಡಿಗಳೂ ಕೈತಪ್ಪಿದವು.

ಇನ್ನು ಈ ಸಲದ ವಿಷಯ. ಹಾಲು ತೆಗೆದುಕೊಳ್ಳುವ ಹುಡುಗ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಂದ. ಕೈಯಲ್ಲಿ ಖಾಲಿ ಸ್ಟೀಲ್ ಬಿಂದಿಗೆ. "ಅಣ್ಣ, ಒಂದು ತಪ್ಪಾಯ್ತು" ಅಂದ. ಒಬ್ಬ ರೈತರು, "ನಿನ್ನೆ ಸಂಜೆ ಡಾಕ್ಟ್ರು ಟ್ಯೂಬ್ ಹಾಕಿದ್ದಾರೆ, ಇದನ್ನ ಬೇರೆ ಇಡಪ್ಪ" ಅಂತ ಎಂಟು ಲೀಟರ್ ಕೊಟ್ಟಿದ್ದರು. ಇವನು ಬದಿಗಿಟ್ಟಿದ್ದಾನೆ. ಫೋನ್ ಬಂದಿದೆ. ಮಾತಾಡುತ್ತಾ ಬಿಂದಿಗೆ ಎತ್ತಿ ಟ್ಯಾಂಕಿಗೆ ಸುರಿದಿದ್ದಾನೆ. ಟ್ಯಾಂಕಿನಲ್ಲಿ ಆಗ ಒಂಬೈನೂರು ಲೀಟರ್.

ಎಂಟು ಲೀಟರ್ ತಾನೇ, ತೆಳುವಾಗುತ್ತೆ ಅಂತ ಅನಿಸುತ್ತೆ ಅಲ್ವಾ? ಲೆಕ್ಕ ಹಾಕಿ ನೋಡಿ. ಟ್ಯೂಬ್ ಹಾಕಿದ ಮೇಲಿನ ಮೊದಲ ಹಾಲಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಪೆನಿಸಿಲಿನ್ ಇದೆ ಅಂತ ಇಟ್ಟುಕೊಳ್ಳಿ. ನೂರಾ ಹನ್ನೆರಡು ಪಟ್ಟು ತೆಳುವಾದರೂ ಲೀಟರಿಗೆ 44 ಮೈಕ್ರೋಗ್ರಾಂ ಉಳಿಯುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡ ಕೋಡೆಕ್ಸ್‌ನ ಮಿತಿ 4. ಕುದಿಸಿದರೆ ಹೋಗುವ ವಸ್ತುವೂ ಅಲ್ಲ. ಟ್ಯಾಂಕ್ ಚೆನ್ನಾಗಿ ಕಲಕಿಸಿ ಆ್ಯಂಟಿಬಯೋಟಿಕ್ ಪತ್ತೆ ಮಾಡುವ ಸ್ಟ್ರಿಪ್ ಅದ್ದಿದೆವು. ಕಂಟ್ರೋಲ್ ಗೆರೆ ಮೂಡಿತು, ಪಕ್ಕದ ಗೆರೆ ಮೂಡಲೇ ಇಲ್ಲ. ಅದು ಮೂಡದಿದ್ದರೆ ಹಾಲಿನಲ್ಲಿ ಔಷಧಿ ಇದೆ ಅಂತ ಅರ್ಥ. ಮುಗಿಯಿತು.

ಲೀಟರಿಗೆ 36ರ ಲೆಕ್ಕದಲ್ಲಿ ಮೂವತ್ತೆರಡು ಸಾವಿರದ ಚಿಲ್ಲರೆ. ತೋಟದ ಮೂಲೆಯಲ್ಲಿ ಗುಂಡಿ ತೋಡಿಸಿ ಸುರಿಸಿದೆವು. ಚರಂಡಿಗೆ ಬಿಡಬೇಡಿ, ಎರಡೇ ದಿನಕ್ಕೆ ಊರೆಲ್ಲ ನಾರುತ್ತದೆ. ಕರುಗಳಿಗೂ ಕುಡಿಸಲಿಲ್ಲ.

ಸಂಜೆ ಎಲ್ಲರನ್ನೂ ಪ್ಲಾಟ್‌ಫಾರಂ ಹತ್ತಿರ ಕರೆದೆ. ಅವನು ತಲೆ ಬಗ್ಗಿಸಿ ನಿಂತಿದ್ದ, ಎಲ್ಲರೂ ದಂಡದ ಮಾತಿಗೆ ಕಾಯುತ್ತಿದ್ದರು. "ಇವನು ಒಂದು ಗಂಟೆ ತಡ ಮಾಡಿದ್ದರೆ ಹಾಲು ಪಾಶ್ಚರೈಸರ್ ದಾಟಿ ಮೊಸರಿನ ಕಪ್ಪಿಗೆ ಹೋಗಿರೋದು. ಕಪ್ಪು, ಗ್ಯಾಸು, ಅಂಗಡಿಯವರ ವಾಪಸಾತಿ ಸೇರಿಸಿದ್ರೆ ಹೋದ ವರ್ಷದ ಕಥೆಯೇ" ಅಂದೆ. ಸ್ಟ್ರಿಪ್ ಡಬ್ಬಿಯ ಬೀಗದ ಕೈ ಅದುವರೆಗೂ ನನ್ನ ಜೇಬಿನಲ್ಲೇ ಇರುತ್ತಿತ್ತು, ಒಂದೊಂದು ಸ್ಟ್ರಿಪ್ಪೂ ದುಬಾರಿ ನೋಡಿ. ಅದನ್ನು ತೆಗೆದು ಅವನ ಕೈಗೆ ಕೊಟ್ಟೆ. ಫೋನ್ ಮಾತ್ರ ಈಗ ಹಾಲಿನ ಹೊತ್ತಿನಲ್ಲಿ ಗೋಡೆಯ ಗೂಡಿನಲ್ಲಿರುತ್ತದೆ, ನನ್ನದೂ ಸೇರಿ.

ಆ ರೈತರನ್ನೂ ಮರೆಯಲಿಲ್ಲ. ನಿಜ ಹೇಳಿದ್ದು ಮೊದಲು ಅವರು. ಟ್ಯೂಬ್ ಹಾಕಿಸಿದವರು ಮೊದಲೇ ಹೇಳಿದರೆ, ಡಾಕ್ಟ್ರು ಹೇಳಿದಷ್ಟು ದಿನದ ಹಾಲಿಗೆ ಪೂರ್ತಿ ದುಡ್ಡು ಕೊಟ್ಟು ಗುಂಡಿಗೆ ಸುರಿಯುತ್ತೇವೆ. ತಿಂಗಳಿಗೆ ಎರಡು ಮೂರು ಸಾವಿರ ಬೀಳಬಹುದು. ಬಿಂದಿಗೆಗೆ ಕೆಂಪು ದಾರ ಕಟ್ಟಿಕೊಂಡು ತರುತ್ತಾರೆ.

ಸುಮ್ನೆ ಕುತೂಹಲಕ್ಕೆ ಆ ಹಾಲಲ್ಲಿ ಎರಡು ಲೀಟರ್ ಇಟ್ಟುಕೊಂಡಿದ್ದೆ. ಹೆಪ್ಪು ದುಪ್ಪಟ್ಟು ಹಾಕಿದರೂ ರಾತ್ರಿವರೆಗೆ ಕಟ್ಟಲಿಲ್ಲ. ಇದರಿಂದಲೇ ಒಂದು ಅಗ್ಗದ ಪರೀಕ್ಷೆ ಹೊಳೆಯಿತು. ಅನುಮಾನದ ಹಾಲು ಒಂದು ಲೋಟ, ಒಳ್ಳೆಯ ಹಾಲು ಒಂದು ಲೋಟ, ಎರಡನ್ನೂ ಕಾಯಿಸಿ, ಆರಿಸಿ, ಒಂದೇ ಹೆಪ್ಪು ಹಾಕಿ ಬಿಸಿನೀರಿನ ಡಬ್ಬಿಯಲ್ಲಿಡುವುದು. ಎರಡೂ ಕಟ್ಟದಿದ್ದರೆ ದೋಷ ಹೆಪ್ಪಿನದ್ದೋ ಬಿಸಿಯದ್ದೋ, ಅನುಮಾನದ ಲೋಟ ಮಾತ್ರ ಕಟ್ಟದಿದ್ದರೆ ಹಾಲಿನದ್ದು. ಸೋಪು ಉಳಿದ ಪಾತ್ರೆಯೂ ಹೀಗೇ ಮೋಸ ಮಾಡುತ್ತದೆ, ಲೋಟ ಚೆನ್ನಾಗಿ ತೊಳೆಯಿರಿ. ಮೂರು ಗಂಟೆಯೊಳಗೇ ಫಲಿತಾಂಶ ಬರೋ ಹಾಗೆ ಹೆಪ್ಪನ್ನು ಹೇಗೆ ಎಬ್ಬಿಸುತ್ತೇನೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ.

ಎಂಟು ತಿಂಗಳಾಯಿತು. ಐದಾರು ಸಲ ಜನ ಬಂದು ಹೇಳಿದ್ದಾರೆ, ಹೆಚ್ಚಿನವು ನೂರಿನ್ನೂರು ರೂಪಾಯಿಯ ವಿಷಯ. ಹೋದ ವಾರ ಬೆಳಿಗ್ಗೆ ಆರಕ್ಕೇ ಭಾವ ಫೋನ್ ಮಾಡಿದರು. "ರಾತ್ರಿ ಕೋಲ್ಡ್ ರೂಮ್ ಬಾಗಿಲು ಸರಿಯಾಗಿ ಹಾಕಿರಲಿಲ್ಲ ಕಣಯ್ಯ, ನಾನೇ" ಅಂದರು. ಇನ್ನೂರು ಕಪ್ ಹುಳಿಯಾಗಿತ್ತು.