ಹಳೆಯ ಕಾಯಿಲೆ ಮುಚ್ಚಿಟ್ಟರೆಂದು ವಿಮೆ ಕ್ಲೇಮು ತಿರಸ್ಕಾರವಾದರೆ: ಆ ಪತ್ರವನ್ನು ಓದುವುದು ಹೇಗೆ?

ಮನೆಯ ಯಜಮಾನ ತೀರಿಕೊಂಡ ನಾಲ್ಕೈದು ತಿಂಗಳಿಗೆ ವಿಮಾ ಕಂಪನಿಯಿಂದ ಒಂದೂವರೆ ಪುಟದ ಇಂಗ್ಲಿಷ್ ಪತ್ರ ಬರುತ್ತದೆ. ಪಾಲಿಸಿ ಮಾಡಿಸುವಾಗ ಮೃತರು ತಮಗಿದ್ದ ಕಾಯಿಲೆಯನ್ನು ತಿಳಿಸಿರಲಿಲ್ಲ, ಆದ್ದರಿಂದ ಕ್ಲೇಮು ತಿರಸ್ಕರಿಸಲಾಗಿದೆ ಎಂಬುದು ಅದರ ಸಾರಾಂಶ. ಹೆಚ್ಚಿನವರು ಅದನ್ನು ಯಾರಿಂದಲೋ ಓದಿಸಿ, ಮಡಚಿ ಬೀರುವಿನಲ್ಲಿಟ್ಟು ಸುಮ್ಮನಾಗುತ್ತಾರೆ. ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಇಂಥ ಕಡತಗಳನ್ನು ನಡೆಸುವ ವಕೀಲನಾಗಿ ನನಗನ್ನಿಸುವುದೆಂದರೆ, ಆ ಪತ್ರದಲ್ಲಿ ಏನು ಬರೆದಿದೆ ಎನ್ನುವಷ್ಟೇ ಅದು ಯಾವ ದಿನಾಂಕದ್ದು, ಯಾವ ಪದವನ್ನು ಬಳಸಿದೆ, ಯಾವ ದಾಖಲೆಯನ್ನು ಆಧರಿಸಿದೆ ಎನ್ನುವುದೂ ಮುಖ್ಯ.

ಹಲವು ಕಡತಗಳ ಸಂಗತಿಗಳನ್ನು ಸೇರಿಸಿ ಕಟ್ಟಿದ ಒಂದು ಪ್ರಕರಣವನ್ನು ಮುಂದಿಟ್ಟುಕೊಂಡು ನೋಡೋಣ. ಚನ್ನಗಿರಿ ತಾಲ್ಲೂಕಿನಲ್ಲಿ ಅಡಿಕೆ ತೋಟಗಳ ಫಸಲನ್ನು ಗುತ್ತಿಗೆಗೆ ಪಡೆಯುವ ಚೇಣಿ ವ್ಯವಹಾರ ಮಾಡುತ್ತಿದ್ದ ಒಬ್ಬರು 18-06-2021ರಂದು 10 ಲಕ್ಷ ರೂಪಾಯಿಯ ಜೀವವಿಮೆ ಮಾಡಿಸಿದರು. ವರ್ಷಕ್ಕೆ 58,000 ರೂಪಾಯಿ ಪ್ರೀಮಿಯಂ. ಮರುವರ್ಷ ಅಡಿಕೆಗೆ ಕೊಳೆರೋಗ ಬಿದ್ದು ಕೈ ಕಟ್ಟಿದ್ದರಿಂದ ಕಂತು ಕಟ್ಟಲಾಗದೆ ಪಾಲಿಸಿ ಲ್ಯಾಪ್ಸ್ ಆಯಿತು. 10-02-2023ರಂದು ಬಾಕಿ ಕಟ್ಟಿ, ಆರೋಗ್ಯ ಚೆನ್ನಾಗಿದೆ ಎಂಬ ಘೋಷಣೆಗೆ ಸಹಿ ಹಾಕಿ ಅದನ್ನು ರಿವೈವಲ್ ಮಾಡಿಸಿದರು. ಆಮೇಲಿನ ಎರಡು ಕಂತುಗಳನ್ನು ತಪ್ಪದೆ ಕಟ್ಟಿದರು. 22-08-2024ರಂದು ಹೃದಯಾಘಾತದಿಂದ ತೀರಿಕೊಂಡರು. ನಾಮಿನಿಯಾದ ಹೆಂಡತಿಗೆ 17-01-2025ರ ದಿನಾಂಕದ ತಿರಸ್ಕಾರ ಪತ್ರ ಬಂತು. ಅದರಲ್ಲಿ ಎರಡು ಕಾರಣಗಳಿದ್ದವು: 2019ರಲ್ಲಿ ಶ್ವಾಸಕೋಶದ ಟಿಬಿಗೆ ಆರು ತಿಂಗಳು ಚಿಕಿತ್ಸೆ ಪಡೆದಿದ್ದನ್ನು ಮುಚ್ಚಿಟ್ಟಿದ್ದಾರೆ, ಪಾಲಿಸಿ ಮಾಡಿಸುವ ಮೊದಲಿನಿಂದಲೂ ಇದ್ದ ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟಿದ್ದಾರೆ.

ಮೊದಲು ದಿನಾಂಕ ಎಣಿಸಿ

ವಿಮಾ ಕಾಯ್ದೆ 1938ರ 45ನೇ ಕಲಮನ್ನು 2015ರಲ್ಲಿ ತಿದ್ದಿದ ಮೇಲೆ, ಮೂರು ವರ್ಷ ತುಂಬಿದ ಜೀವವಿಮಾ ಪಾಲಿಸಿಯನ್ನು ಕಂಪನಿ ಯಾವ ಕಾರಣಕ್ಕೂ, ವಂಚನೆಯ ಕಾರಣಕ್ಕೂ ಸಹ, ಪ್ರಶ್ನಿಸುವಂತಿಲ್ಲ. ಮೊದಲು ಈ ಅವಧಿ ಎರಡು ವರ್ಷವಿತ್ತು, ಆದರೆ ವಂಚನೆಯನ್ನು ಸಾಬೀತುಪಡಿಸಿದರೆ ಆಮೇಲೂ ಪ್ರಶ್ನಿಸಬಹುದಿತ್ತು. ಮೂರು ವರ್ಷ ಎಲ್ಲಿಂದ ಎಣಿಸಬೇಕು ಎಂಬಲ್ಲಿಯೇ ಜನ ಎಡವುವುದು. ಪಾಲಿಸಿ ಕೊಟ್ಟ ದಿನ, ವಿಮಾ ರಕ್ಷಣೆ ಶುರುವಾದ ದಿನ, ರಿವೈವಲ್ ಆದ ದಿನ, ರೈಡರ್ ಎಂಬ ಹೆಚ್ಚುವರಿ ರಕ್ಷಣೆ ಸೇರಿಸಿದ ದಿನ, ಈ ನಾಲ್ಕರಲ್ಲಿ ಯಾವುದು ಕೊನೆಯದೋ ಅಲ್ಲಿಂದ ಎಣಿಕೆ ಆರಂಭವಾಗುತ್ತದೆ.

ನಮ್ಮ ಪ್ರಕರಣದಲ್ಲಿ ಪಾಲಿಸಿ ಲ್ಯಾಪ್ಸ್ ಆಗದೇ ಇದ್ದಿದ್ದರೆ 2024ರ ಜೂನ್‌ಗೇ ಮೂರು ವರ್ಷ ತುಂಬುತ್ತಿತ್ತು. ಆಗ ಆಗಸ್ಟಿನಲ್ಲಿ ಸಂಭವಿಸಿದ ಸಾವಿನ ಕ್ಲೇಮಿಗೆ ಹಳೆಯ ಕಾಯಿಲೆಯ ಮಾತೆತ್ತಲು ಕಂಪನಿಗೆ ದಾರಿಯೇ ಇರುತ್ತಿರಲಿಲ್ಲ. ರಿವೈವಲ್ ಆದ ಕಾರಣಕ್ಕೆ ಎಣಿಕೆ ಹೊಸದಾಗಿ ಶುರುವಾಗಿ, ಅವಧಿ 2026ರ ಫೆಬ್ರುವರಿವರೆಗೆ ಹೋಯಿತು. ಕಂಪನಿಯ ಪತ್ರ ಅದರೊಳಗೇ ಬಂದಿದೆ. ಆ ವರ್ಷ ಒಂದು ಕಂತು ತಪ್ಪಿದ್ದರಿಂದ ಸುಮಾರು ಇಪ್ಪತ್ತು ತಿಂಗಳ ರಕ್ಷಣೆ ಹೋಯಿತು ಎಂದು ಆ ತಾಯಿಗೆ ವಿವರಿಸುವುದು ನನಗೆ ಸುಲಭವಾಗಲಿಲ್ಲ.

ಇನ್ನೊಂದು ಮಾತು. ಕಾಯ್ದೆಯ ಭಾಷೆಯಲ್ಲಿ ಗಡುವಿರುವುದು ಕಂಪನಿ ಪಾಲಿಸಿಯನ್ನು ಪ್ರಶ್ನಿಸುವುದಕ್ಕೆ, ಸಾವು ಸಂಭವಿಸುವುದಕ್ಕಲ್ಲ. ಸಾವು ಮೂರು ವರ್ಷದೊಳಗಾಗಿ, ಪ್ರಶ್ನಿಸುವ ಪತ್ರ ಮೂರು ವರ್ಷ ಕಳೆದ ಮೇಲೆ ಬಂದರೆ, ಅದೇ ನಿಮ್ಮ ಮೊದಲ ವಾದವಾಗುತ್ತದೆ. ಆದ್ದರಿಂದ ಪತ್ರದ ಜೊತೆಗೆ ಅಂಚೆ ಮುದ್ರೆಯಿರುವ ಲಕೋಟೆಯನ್ನೂ ಎಸೆಯದೆ ಇಟ್ಟುಕೊಳ್ಳಿ.

ವಂಚನೆಯೋ, ತಪ್ಪು ಹೇಳಿಕೆಯೋ?

ಮೂರು ವರ್ಷದೊಳಗಿನ ಪಾಲಿಸಿಯನ್ನು ಕಂಪನಿ ಎರಡು ಬೇರೆ ನೆಲೆಗಳಲ್ಲಿ ಪ್ರಶ್ನಿಸಬಹುದು. ಒಂದು ವಂಚನೆ, ಇನ್ನೊಂದು ತಪ್ಪು ಹೇಳಿಕೆ ಅಥವಾ ಮುಖ್ಯ ಸಂಗತಿಯನ್ನು ಮುಚ್ಚಿಟ್ಟದ್ದು. ಯಾವುದೇ ಆದರೂ ಅದರ ಕಾರಣವನ್ನೂ ಆಧಾರವನ್ನೂ ಬರವಣಿಗೆಯಲ್ಲಿ ತಿಳಿಸಲೇಬೇಕು. ಪತ್ರದಲ್ಲಿ ಯಾವ ಪದವಿದೆ ಎಂಬುದರ ಮೇಲೆ ಎರಡು ಸಂಗತಿಗಳು ನಿಂತಿವೆ.

ಮೊದಲನೆಯದು ಹಣ. ವಂಚನೆಯಲ್ಲದ ತಪ್ಪು ಹೇಳಿಕೆಯ ಕಾರಣಕ್ಕೆ ತಿರಸ್ಕರಿಸಿದರೆ, ಅಲ್ಲಿಯವರೆಗೆ ಕಟ್ಟಿಸಿಕೊಂಡ ಪ್ರೀಮಿಯಂ ಅನ್ನು ತಿರಸ್ಕರಿಸಿದ ದಿನದಿಂದ 90 ದಿನಗಳೊಳಗೆ ನಾಮಿನಿಗೆ ಹಿಂದಿರುಗಿಸಬೇಕು. ನಮ್ಮ ಪ್ರಕರಣದಲ್ಲಿ ನಾಲ್ಕು ಕಂತು ಸೇರಿ 2,32,000 ರೂಪಾಯಿ. ಈ ಹಣ ಬಂದರೆ ಬೇಡವೆನ್ನಬೇಕಿಲ್ಲ. ಆದರೆ 'ಆಕ್ಷೇಪಣೆಯನ್ನು ಉಳಿಸಿಕೊಂಡು ಸ್ವೀಕರಿಸುತ್ತಿದ್ದೇನೆ, ಉಳಿದ ಕ್ಲೇಮನ್ನು ಬಿಟ್ಟುಕೊಟ್ಟಿಲ್ಲ' ಎಂದು ಅದೇ ವಾರ ಕಂಪನಿಗೆ ಬರೆಯಬೇಕು. ಪೂರ್ಣ ತೀರುವಳಿ ಎಂಬ ರಸೀದಿಗೆ ಸಹಿ ಹಾಕಿ ಆಮೇಲೆ ನನ್ನ ಬಳಿ ಬಂದವರಿದ್ದಾರೆ. ಅಂಥವರ ಕಡತ ಎತ್ತುವುದೇ ಕಷ್ಟ.

ಎರಡನೆಯದು ರುಜುವಾತಿನ ಹೊಣೆ. ಪಾಲಿಸಿದಾರ ಬದುಕಿಲ್ಲದಿದ್ದಾಗ ವಂಚನೆಯ ಆರೋಪವನ್ನು ಸುಳ್ಳೆಂದು ತೋರಿಸುವ ಹೊಣೆಯನ್ನು ಕಾಯ್ದೆ ಹಣ ಪಡೆಯಬೇಕಾದವರ ಮೇಲೆ ಹಾಕುತ್ತದೆ. ತಪ್ಪು ಹೇಳಿಕೆಯ ನೆಲೆಯಲ್ಲಿ ಹಾಗಿಲ್ಲ. ಆ ಸಂಗತಿ ಮೊದಲೇ ಗೊತ್ತಿದ್ದರೆ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಎಂದು ಕಂಪನಿ ತೋರಿಸಬೇಕು. ಚೇಣಿದಾರರ ಪತ್ರದಲ್ಲಿ 'ವಂಚನೆ' ಎಂಬ ಪದ ಎಲ್ಲಿಯೂ ಇರಲಿಲ್ಲ, ಪ್ರೀಮಿಯಂ ಮರಳಿಸುತ್ತೇವೆ ಎಂಬ ಸಾಲು ಇತ್ತು. ಅಂದರೆ ಕಂಪನಿ ಆರಿಸಿಕೊಂಡದ್ದು ಎರಡನೆಯ ನೆಲೆ. ಮುಂದೆ ಆಯೋಗದ ಮುಂದೆ ಅದು ವಂಚನೆಯೆಂದು ರಾಗ ಬದಲಿಸಿದರೆ, ಈ ಪತ್ರವನ್ನೇ ಎದುರಿಗಿಡಬೇಕು.

ದಾಖಲೆ ಕೇಳಿ, ಫಾರಂ ನೋಡಿ

ಮೂರನೆಯ ಹೆಜ್ಜೆಯಾಗಿ ನಾಮಿನಿಯು ಕಂಪನಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಬರೆದು ಪಾಲಿಸಿಗಾಗಿ ತುಂಬಿಕೊಟ್ಟ ಪ್ರಪೋಸಲ್ ಫಾರಂ, ರಿವೈವಲ್ ಸಮಯದ ಘೋಷಣೆ, ಏಜೆಂಟರು ಕೊಟ್ಟ ಗೋಪ್ಯ ವರದಿ, ವೈದ್ಯಕೀಯ ತಪಾಸಣೆ ಆಗಿದ್ದರೆ ಅದರ ವರದಿ, ಹಾಗೂ ತನಿಖೆಗೆ ಬಂದವರು ಸಂಗ್ರಹಿಸಿದ ಆಸ್ಪತ್ರೆಯ ಕಾಗದಗಳ ಪ್ರತಿ ಕೇಳಬೇಕು. ಪ್ರಪೋಸಲ್ ಫಾರಂನ ಪ್ರತಿ ಎಷ್ಟೋ ಸಲ ಪಾಲಿಸಿ ಬಾಂಡಿನ ಹಿಂದೆಯೇ ಇರುತ್ತದೆ, ಯಾರೂ ನೋಡಿರುವುದಿಲ್ಲ.

ನಮ್ಮ ಫಾರಂ ಇಂಗ್ಲಿಷಿನಲ್ಲಿತ್ತು. ಐದು ವರ್ಷದಲ್ಲಿ ಒಂದು ವಾರಕ್ಕಿಂತ ಹೆಚ್ಚು ಚಿಕಿತ್ಸೆ ಬೇಕಾದ ಕಾಯಿಲೆಗೆ ವೈದ್ಯರನ್ನು ಕಂಡಿದ್ದೀರಾ, ಆಸ್ಪತ್ರೆಗೆ ದಾಖಲಾಗಿದ್ದೀರಾ, ಟಿಬಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದೆಯೇ ಅಥವಾ ಇತ್ತೇ ಎಂಬ ಪ್ರಶ್ನೆಗಳ ಎದುರು 'ಇಲ್ಲ' ಎನ್ನುವ ಅಂಕಣದಲ್ಲಿ, ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಹಾಕಿದ ಟಿಕ್ಕುಗಳು ಮೇಲಿನಿಂದ ಕೆಳಗೆ ಸಾಲಾಗಿ ಇಳಿದಿದ್ದವು. ಕೆಳಗಿನ ಸಹಿ ಮಾತ್ರ ಕನ್ನಡದಲ್ಲಿ, ಬೇರೆ ಶಾಯಿಯಲ್ಲಿ. ಪ್ರಶ್ನೆಗಳನ್ನು ಕನ್ನಡದಲ್ಲಿ ವಿವರಿಸಿ ಹೇಳಿದ್ದೇನೆ ಎಂದು ಫಾರಂ ತುಂಬಿದವರು ಸಹಿ ಹಾಕಬೇಕಾದ ಜಾಗ ಖಾಲಿ ಇತ್ತು.

"ಏಜೆಂಟ್ ಅಣ್ಣ ನಮ್ಮ ಬೀದಿಯೋರೇ ಸಾರ್. ಟಿಬಿ ಗುಳಿಗೆ ತಗಳೋವಾಗ ದಿನಾ ನೋಡಿದಾರೆ. ಗುಣ ಆಗೈತಲ್ಲ, ಬರೆಯೋದೇನು ಬೇಡ ಅಂದ್ರು" ಎಂದರು ಆ ಹೆಂಗಸು.

ಈ ಮಾತಿಗೆ ಕಾನೂನಿನಲ್ಲಿ ಬೆಲೆಯಿದೆ. ವಿಮೆಯ ಒಪ್ಪಂದ ಕುದುರಿಸುವವನು ಒಪ್ಪಂದ ಏರ್ಪಡುವ ಮಟ್ಟಿಗೆ ಕಂಪನಿಯ ಪ್ರತಿನಿಧಿ ಎಂದು 45ನೇ ಕಲಮಿನ ವಿವರಣೆಯೇ ಹೇಳುತ್ತದೆ. ಮುಚ್ಚಿಟ್ಟರೆನ್ನುವ ಸಂಗತಿ ಕಂಪನಿಗೆ ಗೊತ್ತೇ ಇತ್ತು ಎಂದು ಸಾಬೀತಾದರೆ ವಂಚನೆಯ ಆರೋಪ ನಿಲ್ಲುವುದಿಲ್ಲ. ಆದರೆ ಇದನ್ನೇ ನಂಬಿ ಕೂರಬಾರದು. ಸಹಿ ಹಾಕಿದವನು ಫಾರಂನಲ್ಲಿರುವುದಕ್ಕೆ ಬದ್ಧ, ಏಜೆಂಟ್ ತುಂಬಿದ ಎಂಬ ನೆಪ ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಗಟ್ಟಿಯಾಗಿಯೇ ಹೇಳಿದೆ. ಏಜೆಂಟರ ಪ್ರಮಾಣಪತ್ರವೋ, ಅಕ್ಕಪಕ್ಕದವರ ಸಾಕ್ಷ್ಯವೋ ಇದ್ದರಷ್ಟೇ ಈ ವಾದಕ್ಕೆ ಬಲ.

ಎರಡು ಕಾಯಿಲೆ, ಎರಡು ಬಗೆಯ ಪುರಾವೆ

ಸಕ್ಕರೆ ಕಾಯಿಲೆಗೆ ಕಂಪನಿಯ ಬಳಿ ಇದ್ದದ್ದು ಕೊನೆಯ ಬಾರಿ ಆಸ್ಪತ್ರೆಗೆ ಸೇರಿಸಿದಾಗಿನ ಕೇಸ್ ಶೀಟಿನಲ್ಲಿ 'ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ' ಎಂಬ ಒಂದೇ ಸಾಲು. ರೋಗಿಗೆ ಪ್ರಜ್ಞೆ ಇರಲಿಲ್ಲ. ಕರೆತಂದ ಭಾವಮೈದುನ ಹೇಳಿದ್ದನ್ನು ಡ್ಯೂಟಿ ಡಾಕ್ಟರು ಬರೆದುಕೊಂಡಿದ್ದಾರೆ. ಪಾಲಿಸಿಗೆ ಮೊದಲಿನ ರಕ್ತಪರೀಕ್ಷೆಯ ವರದಿಯಿಲ್ಲ, ಔಷಧಿ ಚೀಟಿಯಿಲ್ಲ, ಆ ಸಾಲು ಬರೆದ ವೈದ್ಯರ ಪ್ರಮಾಣಪತ್ರವೂ ಇಲ್ಲ. ಬೇರೆ ಆಧಾರವಿಲ್ಲದ ಇಂಥ ಸಾಲನ್ನು ಸಾಕಾದ ಪುರಾವೆಯಲ್ಲವೆಂದು ಗ್ರಾಹಕ ಆಯೋಗಗಳು ಅನೇಕ ಸಲ ಬದಿಗಿಟ್ಟಿವೆ. ಸಂಗತಿ ಮುಚ್ಚಿಟ್ಟದ್ದನ್ನು ಸಾಬೀತುಪಡಿಸುವ ಹೊಣೆ ವಿಮಾ ಸಂಸ್ಥೆಯದೇ ಎಂದು ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಎಲ್‌ಐಸಿ ಪ್ರಕರಣವೊಂದರಲ್ಲಿ ಹೇಳಿದೆ.

ಟಿಬಿ ಹಾಗಲ್ಲ. ಸರ್ಕಾರಿ ಚಿಕಿತ್ಸಾ ಕಾರ್ಡಿನಲ್ಲಿ ಹೆಸರು, ವಿಳಾಸ, ಗುಳಿಗೆ ಕೊಟ್ಟ ತಿಂಗಳುಗಳು ಎಲ್ಲವೂ ಇವೆ. ಆರು ತಿಂಗಳು ಗುಳಿಗೆ ನುಂಗಿದವರಿಗೆ ಅದು ಗೊತ್ತಿರಲಿಲ್ಲ ಎನ್ನಲಾಗದು, ಫಾರಂನಲ್ಲಿ ಅದನ್ನು ನೇರವಾಗಿ ಕೇಳಿದೆ, ಉತ್ತರ ತಪ್ಪು. ಇದನ್ನು ಒಪ್ಪಿಕೊಂಡೇ ವಾದ ಕಟ್ಟಬೇಕು.

ಇಲ್ಲಿ ಎಲ್ಲರೂ ಹೇಳುವ ಮಾತು, "ಸತ್ತದ್ದು ಹಾರ್ಟ್ ಅಟ್ಯಾಕಿನಿಂದ, ಟಿಬಿಯಿಂದ ಅಲ್ಲವಲ್ಲ" ಎಂಬುದು. ಇದು ಅರ್ಧ ವಾದ ಮಾತ್ರ. ಬೆನ್ನುಮೂಳೆಯ ತೊಂದರೆ ತಿಳಿಸದೆ ಹೃದಯಾಘಾತದಿಂದ ಸತ್ತವರ ಪ್ರಕರಣದಲ್ಲಿ, ಆ ತೊಂದರೆ ಪ್ರಾಣಾಪಾಯದ್ದಲ್ಲ, ಸಾವಿಗೆ ಕಾರಣವೂ ಅಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಕ್ಲೇಮು ಕೊಡಿಸಿತು. ಆದರೆ ಮುಚ್ಚಿಟ್ಟ ಸಂಗತಿಯ ಮಹತ್ವವನ್ನು ಪಾಲಿಸಿ ಕೊಡುವ ಹೊತ್ತಿನಲ್ಲಿ ಅಳೆಯಬೇಕು, ಸಾವಿನ ಹೊತ್ತಿನಲ್ಲಲ್ಲ ಎಂಬ ನಿಲುವಿನ ತೀರ್ಪುಗಳೂ ಇವೆ. ಕಂಪನಿಯ ವಕೀಲರು ಓದುವುದು ಅವನ್ನೇ. ಆದ್ದರಿಂದ ನಾನು ಹೆಚ್ಚು ನೆಚ್ಚುವುದು ಕಾಯ್ದೆಯ ಪದಗಳನ್ನು. ತಿಳಿದಿದ್ದರೆ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಎಂದು ಕಂಪನಿ ತೋರಿಸಬೇಕು. ಗುಣವಾದ ಟಿಬಿ ಇದ್ದವರಿಗೆ ಎಕ್ಸ್‌ರೇ ತೆಗೆಸಿಯೋ ಪ್ರೀಮಿಯಂ ಹೆಚ್ಚಿಸಿಯೋ ಪಾಲಿಸಿ ಕೊಡುವುದು ಆ ಕಂಪನಿಯ ಪದ್ಧತಿಯಾಗಿದ್ದರೆ, 'ಕೊಡುತ್ತಲೇ ಇರಲಿಲ್ಲ' ಎಂಬ ಮಾತು ಬೀಳುತ್ತದೆ. ಅದು ಗೊತ್ತಾಗುವುದು ಯಾರಿಗೆ ಯಾವ ಷರತ್ತಿನಲ್ಲಿ ಪಾಲಿಸಿ ಕೊಡಬೇಕೆಂದು ಹೇಳುವ, ಕಂಪನಿಯ ಒಳಗಿನ ಅಂಡರ್‌ರೈಟಿಂಗ್ ನಿಯಮಾವಳಿಯಿಂದ. ಅದನ್ನು ಹಾಜರುಪಡಿಸಿ ಎಂದು ದೂರಿನ ಜೊತೆಗೇ ಒಂದು ಅರ್ಜಿ ಹಾಕಬೇಕು.

ಎಲ್ಲಿಗೆ ಹೋಗುವುದು?

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ, ವಿಮಾ ನಿಯಂತ್ರಣ ಪ್ರಾಧಿಕಾರದ ಜಾಲತಾಣ bimabharosa.irdai.gov.in ಮೂಲಕವೂ ಸಲ್ಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ, 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕಾದರೆ ಎರಡು ವರ್ಷದ ಗಡುವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸವಿರುವ ಜಿಲ್ಲೆಯಲ್ಲಿಯೇ ಹಾಕಬಹುದಾದ್ದರಿಂದ, ಚನ್ನಗಿರಿಯವರು ದಾವಣಗೆರೆಗೂ ಹಿರಿಯೂರಿನವರು ಚಿತ್ರದುರ್ಗಕ್ಕೂ ಬಂದರೆ ಸಾಕು. ಕಟ್ಟಿದ ಪ್ರೀಮಿಯಂ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಎರಡೂ ಕಡೆ ಏಕಕಾಲಕ್ಕೆ ನಡೆಸುವಂತಿಲ್ಲ.

ಕಾಗದ ನೋಡಿದರೇ ತೀರ್ಮಾನವಾಗುವ ಪ್ರಕರಣಕ್ಕೆ, ಉದಾಹರಣೆಗೆ ಮೂರು ವರ್ಷ ಮೀರಿದ್ದಕ್ಕೆ, ಒಂಬುಡ್ಸ್‌ಮನ್ ಒಳ್ಳೆಯ ದಾರಿ. ಏಜೆಂಟರ ಪ್ರಮಾಣಪತ್ರ, ವೈದ್ಯರಿಗೆ ಪ್ರಶ್ನಾವಳಿ, ಕಂಪನಿಯ ಒಳಗಿನ ನಿಯಮಾವಳಿ ಇವೆಲ್ಲ ಬೇಕಾಗುವ ಚೇಣಿದಾರರಂಥ ಪ್ರಕರಣಕ್ಕೆ ಆಯೋಗವೇ ಸರಿ. ಅವರ ಪತ್ರದ ದಿನಾಂಕ 17-01-2025 ಆದ್ದರಿಂದ ದೂರು 2027ರ ಜನವರಿ ನಡುವಿನೊಳಗೆ ದಾಖಲಾಗಬೇಕು. ಕಂಪನಿಗೆ ಎಷ್ಟು ಮರುಮನವಿ ಬರೆದರೂ ಆ ದಿನ ಮುಂದಕ್ಕೆ ಹೋಗುವುದಿಲ್ಲ.